ಮಾಚನೋ ಬಾಚನೋ? 342 ಅಕ್ಷರ, ಒಂದು ಕಲಿತ ಮಾಡೆಲ್, ಮತ್ತು ಯಾವ ಪದರ ಫ್ರೀಜ್ ಮಾಡೋದು ಅನ್ನೋ ಪ್ರಶ್ನೆ

ಹೋದ ವರ್ಷ ಒಂದು ವೀರಗಲ್ಲಿನ ಫೋಟೋ ನಮ್ಮ ಗುಂಪಿನಲ್ಲಿ ಚರ್ಚೆಗೆ ಬಂದಿತ್ತು. ಲಿಪಿ ನೋಡಿದರೆ 12ನೇ ಶತಮಾನದ್ದು ಅನ್ನಬಹುದು. ಸತ್ತ ವೀರನ ಹೆಸರು ಎರಡೇ ಅಕ್ಷರ. ಎರಡನೆಯದು ‘ಚ’, ಅದರಲ್ಲಿ ಅನುಮಾನವಿಲ್ಲ. ಮೊದಲನೆಯದರ ನಡುವೆ ಕಲ್ಲುಹೂವು ಬೆಳೆದು ಕೂತಿದೆ. ‘ಮಾಚ’ ಅಂತಲೂ ಓದಬಹುದು, ‘ಬಾಚ’ ಅಂತಲೂ ಓದಬಹುದು. ಎರಡೂ ಆ ಕಾಲದ ಶಾಸನಗಳಲ್ಲಿ ಸಿಗುವ ಹೆಸರುಗಳೇ, ಹಾಗಾಗಿ ಹೆಸರಿನ ಬಲದಿಂದ ತೀರ್ಮಾನ ಮಾಡುವ ಹಾಗಿಲ್ಲ.

ನಾನು ಹೊಟ್ಟೆಪಾಡಿಗೆ ಇಂಜಿನಿಯರ್, ಶಾಸನ ಓದುವುದು ಭಾನುವಾರದ ಹುಚ್ಚು. ಆಗಷ್ಟೇ ಮನೆಯ ಕಂಪ್ಯೂಟರಿನಲ್ಲಿ ಪ, ಬ, ಮ, ವ ಈ ನಾಲ್ಕು ಅಕ್ಷರಗಳನ್ನು ಗುರುತಿಸುವ ಒಂದು ಪುಟ್ಟ ಮಾಡೆಲ್ ತಯಾರು ಮಾಡಿದ್ದೆ. ಆ ಫೋಟೋ ಕೊಟ್ಟೆ. ‘ಬ’, ಶೇಕಡಾ 97 ಖಚಿತ ಅಂತ ಹೇಳಿತು. ನಾನೂ ಗುಂಪಿನಲ್ಲಿ ‘ಬಾಚ’ ಎಂದು ಹಾಕಿಬಿಟ್ಟೆ. ಗುಂಪಿನ ಹಿರಿಯರೊಬ್ಬರು, ಕಂಪ್ಯೂಟರ್ ಗೊತ್ತಿಲ್ಲದವರು, ಒಂದೇ ಪ್ರಶ್ನೆ ಕೇಳಿದರು: “ಅಲ್ಲಪ್ಪಾ, ನಿನ್ನ ಮಾಡೆಲ್ ಚೆನ್ನಾಗಿ ಓದುತ್ತೆ ಅಂತೀಯಲ್ಲ, ಪರೀಕ್ಷೆಗೆ ಕೊಟ್ಟ ಅಕ್ಷರಗಳು ಯಾವ ಕಲ್ಲಿನವು?”

ಉತ್ತರ ಹೇಳುವುದಕ್ಕೆ ನಾಚಿಕೆಯಾಯಿತು. ಯಾಕೆ ಅಂತ ಹೇಳುವ ಮೊದಲು ನಾನು ಮಾಡಿದ್ದೇನು ಅಂತ ಹೇಳಬೇಕು.

ನನ್ನ ಬಳಿ ಇದ್ದದ್ದು 12 ಕಲ್ಲುಗಳ ಫೋಟೋ, ಎಲ್ಲವೂ 11-12ನೇ ಶತಮಾನದ ಲಿಪಿಯವು. ಅವುಗಳಿಂದ ಕೈಯಲ್ಲೇ ಕತ್ತರಿಸಿದ 342 ಅಕ್ಷರಗಳು: ಪ 96, ಬ 58, ಮ 92, ವ 96. ಗುಣಿತ ಯಾವುದೇ ಇರಲಿ, ಅಕ್ಷರದ ಮೈಯನ್ನಷ್ಟೇ ಕತ್ತರಿಸಿದ್ದೆ. ಈ ನಾಲ್ಕನ್ನೇ ಆರಿಸಿದ್ದಕ್ಕೆ ಕಾರಣ ನಿಮಗೆ ಗೊತ್ತು. ಇವತ್ತಿನ ಅಚ್ಚಿನಲ್ಲೂ ವ ಮತ್ತು ಮ ನಡುವೆ ಇರುವುದು ಒಂದು ಬಾಲದ ವ್ಯತ್ಯಾಸ. ಸವೆದ ಕಲ್ಲಿನಲ್ಲಿ ಆ ಬಾಲವೇ ಮೊದಲು ಹೋಗುತ್ತದೆ.

342 ಚಿತ್ರದಿಂದ ಒಂದು ಮಾಡೆಲನ್ನು ಸೊನ್ನೆಯಿಂದ ಕಲಿಸಲು ಆಗುವುದಿಲ್ಲ. ಅದಕ್ಕೇ ಮೊದಲೇ ಕಲಿತಿರುವ ಒಂದನ್ನು ತಂದು ನಮ್ಮ ಕೆಲಸಕ್ಕೆ ತಿದ್ದುತ್ತೇವೆ. ನಾನು ತಂದದ್ದು ರೆಸ್‌ನೆಟ್-18. ಇಮೇಜ್‌ನೆಟ್ ಎಂಬ ಸಂಗ್ರಹದ ಸುಮಾರು 12 ಲಕ್ಷ 80 ಸಾವಿರ ಫೋಟೋಗಳನ್ನು ನೋಡಿ, ನಾಯಿ, ಹಕ್ಕಿ, ಲಾರಿ, ಬಟ್ಟಲು ಅಂತ 1000 ಬಗೆಯ ವಸ್ತುಗಳನ್ನು ಬೇರ್ಪಡಿಸಲು ಕಲಿತಿರುವ ಮಾಡೆಲ್ ಅದು. ಅದು ಕಲಿತದ್ದೆಲ್ಲ ಅದರೊಳಗಿನ ಸುಮಾರು 1 ಕೋಟಿ 17 ಲಕ್ಷ ಸಂಖ್ಯೆಗಳಲ್ಲಿ ಇದೆ. ಈ ಸಂಖ್ಯೆಗಳಿಗೆ ‘ತೂಕ’ ಅನ್ನೋಣ. ಕೆಲವು ತೂಕಗಳನ್ನು ಇದ್ದ ಹಾಗೇ ಬಿಟ್ಟು, ಉಳಿದವನ್ನು ಮಾತ್ರ ಬದಲಾಗಲು ಬಿಡುವುದಕ್ಕೆ ‘ಫ್ರೀಜ್ ಮಾಡುವುದು’ ಅನ್ನುತ್ತಾರೆ.

ತೂಕಗಳು ಪದರ ಪದರವಾಗಿ ಜೋಡಿಸಿವೆ. ಚಿತ್ರ ಮೊದಲು ಹೋಗುವುದು `conv1` ಎಂಬ ಪದರಕ್ಕೆ. ಅಲ್ಲಿ 7×7 ಚುಕ್ಕೆಯ 64 ಜರಡಿಗಳಿವೆ. ಅವು ನೋಡುವುದು ತೀರಾ ಸಣ್ಣದನ್ನು: ಇಲ್ಲಿ ಒಂದು ಓರೆ ಅಂಚಿದೆ, ಇಲ್ಲಿ ಕತ್ತಲೆಯಿಂದ ಬೆಳಕಿಗೆ ತಿರುಗುತ್ತದೆ, ಅಷ್ಟೇ. ಆಮೇಲೆ `layer1`ರಿಂದ `layer4`ರವರೆಗೆ ನಾಲ್ಕು ಗುಂಪು. ಮೇಲೆ ಹೋದ ಹಾಗೆ ಅಂಚುಗಳು ಸೇರಿ ಮೂಲೆ, ಬಾಗು, ಮೇಲ್ಮೈಯ ಹೆಣಿಗೆ ಆಗುತ್ತವೆ, ಕೊನೆಗೆ ನಾಯಿಯ ಮೂತಿ, ಗಾಡಿಯ ಗಾಲಿಯಂಥ ಭಾಗಗಳಾಗುತ್ತವೆ. ಎಲ್ಲಕ್ಕಿಂತ ಮೇಲೆ `fc`. ಅದು ಕೆಳಗಿನಿಂದ ಬಂದ 512 ಸಂಖ್ಯೆಗಳನ್ನು ನೋಡಿ ತೀರ್ಪು ಕೊಡುತ್ತದೆ. ನಮಗೆ ನಾಯಿ-ಲಾರಿಯ 1000 ಉತ್ತರ ಬೇಡ, ನಾಲ್ಕು ಸಾಕು. ಹಾಗಾಗಿ `fc` ಕಿತ್ತು ಹೊಸದನ್ನು ಕೂರಿಸುತ್ತೇವೆ. ಇದನ್ನು ‘ತಲೆ’ ಅನ್ನುವುದು ರೂಢಿ.

ತೂಕಗಳು ಪದರಗಳಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ ಅನ್ನುವುದನ್ನು ಗಮನಿಸಿ. `conv1` ಮತ್ತು `layer1` ಸೇರಿದರೂ ಒಂದೂವರೆ ಲಕ್ಷ ಚಿಲ್ಲರೆ. `layer4` ಒಂದರಲ್ಲೇ ಸುಮಾರು 84 ಲಕ್ಷ. ನಮ್ಮ ಹೊಸ ತಲೆಯಲ್ಲಿ ಬರೀ 2052. ‘ಒಂದು ಪದರ ಬಿಡುತ್ತೇನೆ’ ಅನ್ನುವಾಗ ಎಷ್ಟು ತೂಕವನ್ನು ಸಡಿಲ ಬಿಡುತ್ತಿದ್ದೇವೆ ಅನ್ನುವುದು ಯಾವ ಪದರ ಎಂಬುದರ ಮೇಲೆ ಹೋಗುತ್ತದೆ.

ಮೊದಲ ಸಲ ನಾನು ಏನನ್ನೂ ಫ್ರೀಜ್ ಮಾಡಲಿಲ್ಲ. ಎಲ್ಲ ತೂಕಗಳನ್ನೂ ಬಿಟ್ಟೆ. 342ರಲ್ಲಿ ಐದನೇ ಒಂದು ಪಾಲನ್ನು, ಅಂದರೆ 68 ಅಕ್ಷರಗಳನ್ನು, ಚೀಟಿ ಎತ್ತಿದ ಹಾಗೆ ತೆಗೆದು ಪರೀಕ್ಷೆಗೆ ಇಟ್ಟು ಉಳಿದದ್ದರಲ್ಲಿ ಕಲಿಸಿದೆ. 68ರಲ್ಲಿ 64 ಸರಿ ಬಂತು. ಶೇಕಡಾ 94. ಆ ಖುಷಿಯಲ್ಲೇ ‘ಬಾಚ’ ಅಂದದ್ದು.

ಹಿರಿಯರ ಪ್ರಶ್ನೆಗೆ ಉತ್ತರ ಇದು: ಪರೀಕ್ಷೆಯ ಅಕ್ಷರಗಳೂ ಅದೇ 12 ಕಲ್ಲಿನವು. ಒಂದೇ ಸಾಲಿನ ಒಂದು ‘ಮ’ ಕಲಿಕೆಯಲ್ಲಿ, ಅದರ ಪಕ್ಕದ ‘ಮ’ ಪರೀಕ್ಷೆಯಲ್ಲಿ. ಅದೇ ಕಂಡರಣೆಗಾರನ ಕೈ, ಅದೇ ಉಳಿ, ಅದೇ ಬೆಳಕು, ಅದೇ ಕಲ್ಲಿನ ಕಣ. ಮಾಡೆಲ್ ಈ 12 ಜನರ ಕೈಬರಹವನ್ನು ಬಾಯಿಪಾಠ ಮಾಡಿತ್ತು. ಹದಿಮೂರನೆಯವನ ‘ಮ’ ಹೇಗಿರಬಹುದು ಅನ್ನುವ ಪರೀಕ್ಷೆ ಆಗಿಯೇ ಇರಲಿಲ್ಲ. ವೀರಗಲ್ಲು ಆ ಹದಿಮೂರನೆಯದು.

ಹಾಗಾಗಿ ಪರೀಕ್ಷೆಯನ್ನು ಕಲ್ಲಿನ ಲೆಕ್ಕದಲ್ಲಿ ಕಟ್ಟಿದೆ. 12 ಕಲ್ಲನ್ನು ಎರಡೆರಡರಂತೆ ಆರು ಜೋಡಿ ಮಾಡಿ, ಒಂದು ಜೋಡಿಯನ್ನು ಪೂರ್ತಿ ಹೊರಗಿಟ್ಟು ಉಳಿದ ಹತ್ತರಲ್ಲಿ ಕಲಿಸುವುದು, ಹೊರಗಿಟ್ಟ ಎರಡರಲ್ಲಿ ಪರೀಕ್ಷಿಸುವುದು. ಆರು ಸಲ ಹೀಗೆ ಮಾಡಿದರೆ 342 ಅಕ್ಷರಗಳೂ ಒಂದೊಂದು ಸಲ ‘ಕಾಣದ ಕಲ್ಲಿನ ಅಕ್ಷರ’ ಆಗಿ ಪರೀಕ್ಷೆಗೆ ಬರುತ್ತವೆ. ಅದೇ ಮಾಡೆಲ್, ಅದೇ ಸೆಟ್ಟಿಂಗ್: 342ರಲ್ಲಿ 262 ಸರಿ. 94 ಇದ್ದದ್ದು 77ಕ್ಕೆ ಇಳಿಯಿತು. ಯಾವ ಪದರ ಫ್ರೀಜ್ ಮಾಡಬೇಕು ಅನ್ನುವ ಪ್ರಶ್ನೆಗೆ ಅರ್ಥ ಬರುವುದು ಈ ಬಗೆಯ ಪರೀಕ್ಷೆ ಕೈಯಲ್ಲಿದ್ದಾಗ ಮಾತ್ರ. ಚೀಟಿ ಎತ್ತುವ ಪರೀಕ್ಷೆಯಲ್ಲಿ ‘ಎಲ್ಲ ಬಿಟ್ಟುಬಿಡು’ ಅನ್ನುವುದೇ ಗೆಲ್ಲುತ್ತದೆ, ಯಾಕೆಂದರೆ ಬಾಯಿಪಾಠ ಮಾಡಲು ಅದಕ್ಕೇ ಹೆಚ್ಚು ಜಾಗ.

ಇನ್ನು ಮತ್ತೊಂದು ತುದಿಯಿಂದ ಹೊರಟೆ: ಎಲ್ಲವನ್ನೂ ಫ್ರೀಜ್ ಮಾಡಿ ತಲೆ ಒಂದನ್ನೇ ಕಲಿಸುವುದು. ಇದರಲ್ಲಿ ಒಂದು ವಿಚಿತ್ರ ಕಂಡಿತು. ಮೈ ಪೂರ್ತಿ ಫ್ರೀಜ್ ಆಗಿದೆ, ಆದರೂ ಒಂದೇ ಚಿತ್ರ ಕೊಟ್ಟರೆ ಮೈಯಿಂದ ಹೊರಬರುವ ಆ 512 ಸಂಖ್ಯೆಗಳು ನಿನ್ನೆ ಒಂದು, ಇವತ್ತು ಒಂದು. ಎರಡು ಸಂಜೆ ಇದರಲ್ಲೇ ಹೋಯಿತು.

ಕಳ್ಳ ಸಿಕ್ಕಿದ್ದು ಬ್ಯಾಚ್‌ನಾರ್ಮ್ ಎಂಬ ಭಾಗದಲ್ಲಿ. ರೆಸ್‌ನೆಟ್‌ನಲ್ಲಿ ಪ್ರತಿ ಜರಡಿಯ ಹಿಂದೆ ಇದೊಂದು ಇರುತ್ತದೆ. ಬಂದ ಸಂಖ್ಯೆಗಳಿಂದ ಸರಾಸರಿ ಕಳೆದು, ಅವುಗಳ ಹರವಿನಿಂದ ಭಾಗಿಸಿ ಒಂದು ಹದಕ್ಕೆ ತರುವುದು ಇದರ ಕೆಲಸ. ಆ ಸರಾಸರಿ ಮತ್ತು ಹರವನ್ನು ಅದು ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಆದರೆ ಅವು ‘ತೂಕ’ಗಳ ಪಟ್ಟಿಯಲ್ಲಿ ಇಲ್ಲ. ಹಾಗಾಗಿ `requires_grad = False` ಅಂದರೆ ತೂಕ ನಿಲ್ಲುತ್ತದೆ, ಈ ನೆನಪು ನಿಲ್ಲುವುದಿಲ್ಲ. ಮಾಡೆಲ್ ಕಲಿಕೆಯ ಸ್ಥಿತಿಯಲ್ಲಿ ಇರುವಷ್ಟು ಹೊತ್ತು, ಒಂದೊಂದು ಕಂತು ಚಿತ್ರ ಹಾದಾಗಲೂ ಸರಾಸರಿ ಸ್ವಲ್ಪ ಸ್ವಲ್ಪ ಜರುಗುತ್ತದೆ. ನಾನು ಕೊಡುತ್ತಿದ್ದದ್ದು ಎಂಟೆಂಟು ಚಿತ್ರದ ಕಂತು. ಎಂಟು ಕಲ್ಲಿನ ತುಂಡುಗಳ ಸರಾಸರಿ ಎಷ್ಟು ನಂಬಿಕಸ್ಥ? 12 ಲಕ್ಷ ಚಿತ್ರದಿಂದ ಬಂದ ಹದವನ್ನು ಅದು ಕಲಕಿಬಿಡುತ್ತಿತ್ತು. ಪರಿಹಾರ ನಾಲ್ಕು ಸಾಲು. ಪ್ರತಿ ಸುತ್ತಿನ ಆರಂಭದಲ್ಲೂ ಇದು ಬರಬೇಕು, ಯಾಕೆಂದರೆ `model.train()` ಎಂದಾಗಲೆಲ್ಲ ಅದು ಮತ್ತೆ ಮೊದಲಿನಂತಾಗುತ್ತದೆ:

```python
model.train()
for m in model.modules():
    if isinstance(m, nn.BatchNorm2d):
        m.eval()
```

ನಿಮ್ಮಲ್ಲೂ ಹೀಗೆ ಆಗುತ್ತಿದೆಯಾ ಅಂತ ನೋಡುವುದು ಸುಲಭ. ಕಲಿಸುವ ಮೊದಲು `model.bn1.running_mean` ಅನ್ನು ಒಂದು ಪ್ರತಿ ಮಾಡಿ ಇಟ್ಟುಕೊಳ್ಳಿ (`.clone()` ಮರೆಯಬೇಡಿ), ಮುಗಿದ ಮೇಲೆ ಹೋಲಿಸಿ. ಒಂದು ಅಂಕಿ ಬದಲಾಗಿದ್ದರೂ ನೀವು ಫ್ರೀಜ್ ಮಾಡಿದ್ದು ಫ್ರೀಜ್ ಆಗಿಲ್ಲ ಅಂತ. ಇದೊಂದನ್ನು ಸರಿಮಾಡಿದ್ದಕ್ಕೇ ಕಾಣದ ಕಲ್ಲುಗಳಲ್ಲಿ 212 ಇದ್ದದ್ದು 231ಕ್ಕೆ ಏರಿತು.

231 ಅಂದರೆ ಶೇಕಡಾ 68. ಎಲ್ಲ ಬಿಟ್ಟಿದ್ದಕ್ಕಿಂತ ಕಡಿಮೆ. ಈಗ ನೋಡಬೇಕಾದದ್ದು ಪರೀಕ್ಷೆಯ ಅಂಕವೊಂದನ್ನೇ ಅಲ್ಲ, *ಕಲಿತ* ಚಿತ್ರಗಳಲ್ಲೇ ಎಷ್ಟು ಸರಿ ಹೇಳುತ್ತಿದೆ ಅನ್ನುವುದನ್ನು. ತಲೆ ಮಾತ್ರ ಕಲಿಸಿದಾಗ, ಕಲಿಸಿದ ಅಕ್ಷರಗಳಲ್ಲೇ ನಾಲ್ಕಕ್ಕೆ ಒಂದು ತಪ್ಪುತ್ತಿತ್ತು, ಎಷ್ಟು ಸುತ್ತು ಹಾಕಿದರೂ. ಎಲ್ಲ ಬಿಟ್ಟಾಗ ಆರನೇ ಸುತ್ತಿಗೇ ಕಲಿಸಿದ್ದರಲ್ಲಿ ಒಂದೂ ತಪ್ಪಿಲ್ಲ, ಆದರೆ ಕಾಣದ ಕಲ್ಲಿನಲ್ಲಿ ಎಡವುತ್ತಿತ್ತು. ಇವೆರಡೂ ಬೇರೆ ಬೇರೆ ಕಾಯಿಲೆ. ಕಲಿಸಿದ್ದನ್ನೇ ಹೇಳಲಾರದು ಅಂದರೆ ಫ್ರೀಜ್ ಆದ ಪದರಗಳು ಕೊಡುವ ವಿವರದಲ್ಲಿ ವ-ಮ ಬಾಲದ ವ್ಯತ್ಯಾಸವೇ ಸರಿಯಾಗಿ ಇಲ್ಲ, ಮೇಲಿನಿಂದ ಇನ್ನೊಂದು ಪದರ ಬಿಡಬೇಕು. ಕಲಿಸಿದ್ದನ್ನೆಲ್ಲ ಹೇಳುತ್ತದೆ, ಹೊಸತರಲ್ಲಿ ತಪ್ಪುತ್ತದೆ ಅಂದರೆ ಬಿಟ್ಟದ್ದು ಜಾಸ್ತಿಯಾಗಿದೆ ಅಥವಾ ಕಲ್ಲು ಕಡಿಮೆಯಾಗಿದೆ.

ತಲೆಯೊಂದಕ್ಕೇ ಸಾಧ್ಯವಾಗದಿದ್ದುದು ಯಾಕೆ ಅಂತ ಯೋಚಿಸಿದರೆ ಹೊಳೆಯುತ್ತದೆ. `layer4` ನಾಯಿ, ಲಾರಿಗಳಿಗಾಗಿ ಹದಗೊಂಡದ್ದು. ಅದಕ್ಕೆ ಪ, ಬ, ಮ, ವ ನಾಲ್ಕೂ ‘ಕಲ್ಲಿನ ಮೇಲೊಂದು ಗೀಚು’ ಅನ್ನುವ ಒಂದೇ ಸಂಗತಿ. ಕೆಳಗಿನ ಪದರಗಳ ಬಾಗು, ಮೂಲೆಗಳ ವಿವರ ಅಲ್ಲಿಗೆ ಬರುವಷ್ಟರಲ್ಲಿ ಕರಗಿರುತ್ತದೆ. 2014ರಲ್ಲಿ ಜೇಸನ್ ಯೊಸಿನ್ಸ್ಕಿ ಮತ್ತು ಸಂಗಡಿಗರು ಇದನ್ನೇ ಪದರ ಪದರವಾಗಿ ಅಳೆದು ತೋರಿಸಿದ್ದರು: ಕೆಳಗಿನವು ಯಾವ ಕೆಲಸಕ್ಕೂ ಆಗುವಂಥವು, ಮೇಲೆ ಹೋದಷ್ಟೂ ಮೂಲ ಕೆಲಸಕ್ಕೆ ಅಂಟಿಕೊಂಡವು.

ಸರಿ, `layer4` ಬಿಟ್ಟೆ. ಒಂದು ಎಚ್ಚರಿಕೆ ಇಲ್ಲಿ ಬೇಕು. ಹೊಸ ತಲೆ ಶುರುವಿನಲ್ಲಿ ಕುರುಡು. ಅದರ ತೂಕಗಳು ಮನಬಂದ ಸಂಖ್ಯೆಗಳು, ಹಾಗಾಗಿ ಅದರ ತಪ್ಪುಗಳೂ ದೊಡ್ಡವು. ಆ ತಪ್ಪಿನ ಹೊಡೆತ ಕೆಳಗಿನ ತೂಕಗಳ ಮೇಲೆ ಬಿದ್ದರೆ, ಕಲಿತದ್ದು ಮೊದಲ ಸುತ್ತಿನಲ್ಲೇ ಹಾಳಾಗುತ್ತದೆ. ಅದಕ್ಕೆ ಮೊದಲ ಹತ್ತು ಸುತ್ತು ತಲೆ ಮಾತ್ರ ಕಲಿಸಿ, ಆಮೇಲೆ `layer4` ಬಿಟ್ಟು, ಅದಕ್ಕೆ ತಲೆಗಿಂತ ಹತ್ತು ಪಟ್ಟು ಸಣ್ಣ ಹೆಜ್ಜೆ ಕೊಟ್ಟೆ:

```python
for p in model.layer4.parameters():
    p.requires_grad = True

opt = torch.optim.AdamW([
    {"params": model.fc.parameters(), "lr": 1e-3},
    {"params": model.layer4.parameters(), "lr": 1e-4},
])
```

342ರಲ್ಲಿ 279. ಶೇಕಡಾ 82. `layer3` ಕೂಡ ಬಿಟ್ಟು ನೋಡಿದೆ: 276. ಇದು ‘ಕಡಿಮೆಯಾಯಿತು’ ಅಂತ ಹೇಳುವ ಹಾಗಿಲ್ಲ. ಅದೇ ಸೆಟ್ಟಿಂಗನ್ನು ಬೇರೆ ಶುರುವಿನಿಂದ ಮೂರು ಸಲ ಓಡಿಸಿದರೆ, `layer4` ಒಂದನ್ನೇ ಬಿಟ್ಟಾಗಲೂ 274ರಿಂದ 282ರವರೆಗೆ ಆಡುತ್ತದೆ. ಎಲ್ಲ ಬಿಟ್ಟಾಗ ಆಟ ಇನ್ನೂ ದೊಡ್ಡದು, 249ರಿಂದ 270. ಈ ಆಟದೊಳಗೇ ಬರುವ ವ್ಯತ್ಯಾಸವನ್ನು ನಂಬಿ ಪದರ ಆರಿಸಬಾರದು. ಎರಡು ಬಗೆ ಸಮ ಅನ್ನಿಸಿದರೆ ನಾನು ಕಡಿಮೆ ಬಿಟ್ಟದ್ದನ್ನು ಇಟ್ಟುಕೊಳ್ಳುತ್ತೇನೆ. ಅದರ ಅಂಕ ಸಲದಿಂದ ಸಲಕ್ಕೆ ಕಡಿಮೆ ಕುಣಿಯುತ್ತದೆ.

ನಡುವೆ ಒಂದು ಸಣ್ಣ ಮಾತು. ಚಿತ್ರ ಕಡಿಮೆಯಿದ್ದಾಗ ಇದ್ದುದನ್ನೇ ಸ್ವಲ್ಪ ತಿರುಗಿಸಿ, ಬೆಳಕು ಹೆಚ್ಚು ಕಡಿಮೆ ಮಾಡಿ ಕೊಡುವುದು ರೂಢಿ. ಅಂತರ್ಜಾಲದಿಂದ ಎತ್ತಿದ ಕೋಡ್‌ನಲ್ಲಿ ಸಾಮಾನ್ಯವಾಗಿ `RandomHorizontalFlip` ಇರುತ್ತದೆ. ಬೆಕ್ಕನ್ನು ಎಡಬಲ ಮಾಡಿದರೂ ಬೆಕ್ಕೇ. ಅಕ್ಷರ ಹಾಗಲ್ಲ. ತೆಗೆದುಹಾಕಿ.

ಇಷ್ಟಾಗಿದ್ದರೆ ‘ಕೆಳಗಿನದು ಫ್ರೀಜ್ ಮಾಡಿ, ಮೇಲಿನದು ಬಿಡಿ’ ಅನ್ನುವ ಎಲ್ಲರ ಸೂತ್ರವನ್ನೇ ನಾನೂ ಹೇಳಿ ಮುಗಿಸಬಹುದಿತ್ತು. ಸೂತ್ರ ತಿರುವುಮುರುವಾದದ್ದು ಪಡಿಯಚ್ಚುಗಳ ವಿಷಯದಲ್ಲಿ.

ಗೆಳೆಯರೊಬ್ಬರು ಬೇರೆ ನಾಲ್ಕು ಕಲ್ಲುಗಳ ಪಡಿಯಚ್ಚಿನ ಫೋಟೋ ಕಳಿಸಿದರು. ಆ 12ರಲ್ಲಿ ಸೇರದ ಕಲ್ಲುಗಳು, ಕಾಲ ಅದೇ. ನಮ್ಮ ನಾಲ್ಕು ಅಕ್ಷರಗಳು ಅವುಗಳಲ್ಲಿ 88 ಸಿಕ್ಕವು. 82ರ ಮಾಡೆಲ್‌ಗೆ ಕೊಟ್ಟರೆ 88ರಲ್ಲಿ 39! ಪಡಿಯಚ್ಚು ತೆಗೆಯುವುದನ್ನು ನೋಡಿದವರಿಗೆ ಕಾರಣದ ಅರ್ಧ ತಕ್ಷಣ ಗೊತ್ತಾಗುತ್ತದೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ಬಡಿದು ಅಕ್ಷರದ ಗುಳಿಯೊಳಗೆ ಕೂರಿಸಿ, ಮೇಲೆ ಮಸಿ ಒತ್ತುತ್ತಾರೆ. ಗುಳಿಗೆ ಮಸಿ ತಾಗುವುದಿಲ್ಲ, ಅಕ್ಷರ ಬೆಳ್ಳಗೆ, ಸುತ್ತ ಕಪ್ಪು. ಕಪ್ಪು-ಬಿಳುಪು ಅದಲು ಬದಲು ಮಾಡಿ ಕೊಟ್ಟೆ. 55ಕ್ಕೆ ಏರಿತು, ಅಲ್ಲೇ ನಿಂತಿತು.

ಉಳಿದ ಅರ್ಧ ಇನ್ನೂ ಕೆಳಗಿದೆ. ಓರೆ ಬೆಳಕಿನ ಫೋಟೋದಲ್ಲಿ ಉಳಿಯ ಗೆರೆ ಅಂದರೆ ಒಂದು ದಡ ನೆರಳು, ಇನ್ನೊಂದು ದಡ ಬೆಳಕು. ಮಾಡೆಲ್ ಗೆರೆಯನ್ನು ಗುರುತಿಸುತ್ತಿದ್ದದ್ದು ಆ ಜೋಡಿಯಿಂದ. ಪಡಿಯಚ್ಚಿನಲ್ಲಿ ನೆರಳೇ ಇಲ್ಲ. ಗೆರೆ ಒಂದು ಚಪ್ಪಟೆ ಪಟ್ಟಿ, ಅಂಚು ಮಸಿಯ ಚುಕ್ಕೆಗಳಿಂದ ಹರಕು ಹರಕು, ಮೇಲೆ ಕಾಗದದ ನಾರು. ಅಂದರೆ ಎರಡರ ನಡುವಿನ ವ್ಯತ್ಯಾಸ ಇರುವುದು *ಗೆರೆ ಹೇಗೆ ಕಾಣುತ್ತದೆ* ಅನ್ನುವುದರಲ್ಲಿ. *ಗೆರೆಗಳು ಸೇರಿ ಹೇಗೆ ‘ಮ’ ಆಗುತ್ತವೆ* ಅನ್ನುವುದರಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಮೊದಲನೆಯದು ಕೆಳಗಿನ ಪದರದ ಕೆಲಸ, ಎರಡನೆಯದು ಮೇಲಿನದರದ್ದು. ಹಾಗಿದ್ದ ಮೇಲೆ ಮೇಲಿನದನ್ನು ಯಾಕೆ ಕೆದಕಬೇಕು?

2022ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಯೂನ್ಹೋ ಲೀ ಮತ್ತು ಸಂಗಡಿಗರು ‘ಸರ್ಜಿಕಲ್ ಫೈನ್-ಟ್ಯೂನಿಂಗ್’ ಎಂಬ ಹೆಸರಿನಲ್ಲಿ ಇದನ್ನೇ ಹೇಳಿದ್ದರು. ಚಿತ್ರ ಮಸುಕಾದದ್ದು, ಕಲೆಯಾದದ್ದು ಮುಂತಾಗಿ ಬದಲಾವಣೆ ಚಿತ್ರದ ಮೇಲ್ಮೈಯಲ್ಲೇ ಇದ್ದರೆ ಮೊದಲ ಪದರಗಳನ್ನು ಮಾತ್ರ ತಿದ್ದುವುದು ಲೇಸು, ಬದಲಾವಣೆ ಉತ್ತರಗಳಲ್ಲಿ ಇದ್ದರೆ ಕೊನೆಯ ಪದರಗಳನ್ನು. ಓದಿದಾಗ ತಲೆಯಾಡಿಸಿ ಮರೆತಿದ್ದೆ, ಪಡಿಯಚ್ಚು ಬಂದಾಗ ನೆನಪಾಯಿತು.

ಎರಡು ಕಲ್ಲಿನ ಪಡಿಯಚ್ಚಿನಲ್ಲಿ ತಿದ್ದಿ ಉಳಿದ ಎರಡರಲ್ಲಿ ಪರೀಕ್ಷೆ, ಆಮೇಲೆ ಅದಲು ಬದಲು. ಹೀಗೆ 88ಕ್ಕೂ ಅಂಕ ಬರುತ್ತದೆ. ಫೋಟೋಗಳಿಂದ ಕಲಿತ ಮಾಡೆಲನ್ನೇ ಶುರುವಿಗೆ ಇಟ್ಟುಕೊಂಡೆ. ರೂಢಿಯಂತೆ `layer4` ಬಿಟ್ಟು ತಿದ್ದಿದಾಗ 60. ಅದನ್ನು ಮತ್ತು ತಲೆಯನ್ನು ಫ್ರೀಜ್ ಮಾಡಿ, `conv1` ಮತ್ತು `layer1` ಮಾತ್ರ ಬಿಟ್ಟಾಗ 68. ಬೇರೆ ಶುರುವಿನಿಂದ ಮೂರು ಸಲ ಮಾಡಿದರೂ ಎರಡನೆಯದೇ ಮುಂದಿತ್ತು. 88 ಅಕ್ಷರದಲ್ಲಿ ಎಂಟರ ಅಂತರ ದೊಡ್ಡ ಸಾಕ್ಷಿಯೇನಲ್ಲ, ಒಪ್ಪುತ್ತೇನೆ. ಆದರೆ ಒಂದು ಕಡೆ 84 ಲಕ್ಷ ತೂಕ, ಇನ್ನೊಂದು ಕಡೆ ಒಂದೂವರೆ ಲಕ್ಷ ಚಿಲ್ಲರೆ, ಕಲಿಸಲು ಇರುವುದು ನಲವತ್ತು ಚಿಲ್ಲರೆ ಅಕ್ಷರ. ಕಡಿಮೆ ತೂಕದ್ದು ಮುಂದೆ ಬಂದದ್ದು ಆಶ್ಚರ್ಯವಲ್ಲ.

ಇದರಿಂದ ಕಂಪ್ಯೂಟರಿನ ಹೊರೆ ಕಡಿಮೆಯಾಗುತ್ತದೆ ಅಂದುಕೊಳ್ಳಬೇಡಿ. ತಪ್ಪಿನ ಲೆಕ್ಕ ತಲೆಯಿಂದ ಹೊರಟು ಫ್ರೀಜ್ ಆದ ಪದರಗಳನ್ನೆಲ್ಲ ದಾಟಿಯೇ ಕೆಳಗೆ ಬರಬೇಕು. ಮೇಲಿನ ತೂಕ ಬದಲಾಗುವುದಿಲ್ಲ, ಅಷ್ಟೇ. ಮೇಲಿನ ಪದರ ಮಾತ್ರ ಬಿಟ್ಟಾಗ ಸಿಗುವ ವೇಗ ಇಲ್ಲಿ ಸಿಗುವುದಿಲ್ಲ.

ಮತ್ತೆ ವೀರಗಲ್ಲಿಗೆ ಬರೋಣ. `layer4` ಮಾತ್ರ ಬಿಟ್ಟು ಕಲಿಸಿದಾಗ ಆರು ಜೋಡಿಗೆ ಆರು ಮಾಡೆಲ್ ಉಳಿದಿದ್ದವು, ಒಂದೊಂದೂ ಬೇರೆ ಹತ್ತು ಕಲ್ಲು ನೋಡಿದ್ದು. ಆ ಫೋಟೋವನ್ನು ಆರಕ್ಕೂ ಕೊಟ್ಟೆ. ನಾಲ್ಕು ‘ಮ’ ಅಂದವು, ಎರಡು ‘ಬ’ ಅಂದವು. ಯಾವುದೂ 70 ದಾಟಲಿಲ್ಲ. 97 ಎಲ್ಲಿ ಹೋಯಿತೋ ಗೊತ್ತಿಲ್ಲ! ನನ್ನ ಸಂಗ್ರಹದಲ್ಲಿ ‘ಬ’ ಇರುವುದೇ 58, ಆರು ಮಾಡೆಲ್‌ಗಳೂ ಹೆಚ್ಚು ತಪ್ಪುವುದು ಅದರಲ್ಲೇ. ಆದ್ದರಿಂದ ಆ ನಾಲ್ಕು ಮತಗಳಿಗೂ ನಾನು ಪೂರ್ತಿ ಬೆಲೆ ಕೊಡುತ್ತಿಲ್ಲ.

ಹಿರಿಯರು ಬರೀ ಕಣ್ಣಲ್ಲಿ ನೋಡಿ ‘ಮ’ ಎಂದಿದ್ದರು, ಬಲಗಡೆ ಮೇಲಕ್ಕೆ ತಿರುಗಿದ ಗೆರೆಯ ತುದಿ ಕಲ್ಲುಹೂವಿನ ಆಚೆ ಕಾಣುತ್ತದೆ ಅಂತ. ನಾನು ಗುಂಪಿನಲ್ಲಿ ಹಾಕಿದ್ದ ‘ಬಾಚ’ ವಾಪಸ್ ತೆಗೆದುಕೊಂಡಿದ್ದೇನೆ. ಕಲ್ಲು ಇರುವ ಜಾಗಕ್ಕೆ ಮಳೆ ನಿಂತ ಮೇಲೆ, ಬೆಳಗಿನ ಓರೆ ಬಿಸಿಲಿಗೆ ಮತ್ತೊಮ್ಮೆ ಹೋಗಬೇಕು. ಅಲ್ಲಿಯವರೆಗೆ ಪಾಠದಲ್ಲಿ ಮೊದಲ ಅಕ್ಷರ ಚೌಕ ಆವರಣದೊಳಗೇ ಇರುತ್ತದೆ: [ಮಾ]ಚ.